ಪಾಸ್‌ಬುಕ್ಕಿನಲ್ಲಿ ರೊಕ್ಕ ಹೆಚ್ಚಿಗೆ ಕಂಡಾಗ

ಬ್ಯಾಂಕಿನಲ್ಲಿ ಪಾಸ್‌ಬುಕ್ ಎಂಟ್ರಿ ಮಾಡಿಸಿಕೊಂಡು ಹೊರಬರುವವರನ್ನು ಸ್ವಲ್ಪ ಹೊತ್ತು ನಿಂತು ನೋಡಿ. ಯಂತ್ರ ಕರಕರನೆ ಮೂರು ಪುಟ ಅಚ್ಚು ಹೊಡೆದು ಕೊಟ್ಟಿರುತ್ತದೆ, ಆದರೆ ಎಲ್ಲರ ಕಣ್ಣೂ ಹೋಗುವುದು ಕಟ್ಟಕಡೆಯ ಸಾಲಿನ ಬಲತುದಿಗೆ. ಓದಲು ಬಾರದ ಮುದುಕರು ಪಕ್ಕದವರ ಕೈಗೆ ಪುಸ್ತಕ ಕೊಟ್ಟು ‘ಎಷ್ಟ್ ಉಳದದ ನೋಡ್ರಿ’ ಎನ್ನುತ್ತಾರೆ. ಪಕ್ಕದವರು ಒಂದು ಸಂಖ್ಯೆ ಹೇಳುತ್ತಾರೆ, ಪುಸ್ತಕ ಮತ್ತೆ ಪ್ಲಾಸ್ಟಿಕ್ ಚೀಲ ಸೇರುತ್ತದೆ. ನಡುವಿನ ಐವತ್ತು ಸಾಲುಗಳನ್ನು ಯಾರೂ ಓದುವುದಿಲ್ಲ.

ಹುಮನಾಬಾದಿನಲ್ಲಿ ಅಂಗಡಿಗಳ ಲೆಕ್ಕ ಬರೆದುಕೊಂಡು ಬಂದವನು ನಾನು. ಬಸವಕಲ್ಯಾಣದಲ್ಲೂ ಕೆಲವು ಮನೆಗಳ ಹಿಸಾಬು ನನ್ನ ಕಡೆಗೇ ಇದೆ. ತಿಂಗಳಿಗೊಮ್ಮೆ ಪಾಸ್‌ಬುಕ್ಕನ್ನು ತಾಳೆ ನೋಡಿ ಎಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಆಮೇಲೆ ಪಾಸ್‌ಬುಕ್ಕನ್ನು ಮೇಲಿಂದ ಕೆಳಕ್ಕೆ ಒಮ್ಮೆ ಓದಿ, ತಾಳೆ ನೋಡಿದೆವು ಎಂದುಕೊಳ್ಳುತ್ತಾರೆ. ತಾಳೆ ಎಂದರೆ ಎರಡು ಲೆಕ್ಕಗಳನ್ನು ಎದುರುಬದುರು ಇಡುವುದು. ಬ್ಯಾಂಕು ಬರೆದದ್ದು ಒಂದು ಕಡೆ, ನೀವು ಬರೆದದ್ದು ಇನ್ನೊಂದು ಕಡೆ. ನಿಮ್ಮದೇ ಒಂದು ಲೆಕ್ಕ ಇಲ್ಲದಿದ್ದರೆ ಬ್ಯಾಂಕು ಹೇಳಿದ್ದಕ್ಕೆಲ್ಲ ಹೌದು ಎನ್ನುವುದೊಂದೇ ದಾರಿ.

ಆ ಲೆಕ್ಕಕ್ಕೆ ದೊಡ್ಡ ರೋಜುಕೀರ್ದಿ ಬೇಕಿಲ್ಲ, ಹತ್ತು ರೂಪಾಯಿಯ ನೋಟ್‌ಬುಕ್ ಸಾಕು. ಖಾತೆಗೆ ಬಂದದ್ದು, ಖಾತೆಯಿಂದ ಹೋದದ್ದು, ದಿನಾಂಕ, ಯಾರಿಗೆ, ಎಷ್ಟು. ಚೆಕ್ ಕೊಟ್ಟಿದ್ದರೆ ಕೊಟ್ಟ ದಿನವೇ ಬರೆಯಬೇಕು, ಅದು ಪಾಸಾಗುವ ದಿನಕ್ಕೆ ಕಾಯಬಾರದು. ಇದು ಯಾಕೆ ಎನ್ನುವುದು ಮುಂದೆ ತಿಳಿಯುತ್ತದೆ.

ನಮ್ಮ ಕಡೆ ಈ ಕೆಲಸ ಬೇರೆ ಊರುಗಳಿಗಿಂತ ಸ್ವಲ್ಪ ಹೆಚ್ಚೇ ಬೇಕು ಎಂದು ನನಗೆ ಅನ್ನಿಸುವುದಕ್ಕೆ ಒಂದು ಕಾರಣ ಇದೆ. ಬೀದರ್ ಜಿಲ್ಲೆಯವರ ಪಾಸ್‌ಬುಕ್ಕುಗಳ ಹೆಸರು ಎಷ್ಟು ಸಲ ಬದಲಾಗಿದೆ ನೋಡಿ. ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದೊಳಗೆ ಹೋಯಿತು. ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಆಯಿತು, 2019ರಲ್ಲಿ ಕಾವೇರಿಯೊಂದಿಗೆ ಕೂಡಿ ಇನ್ನೊಂದು ಹೆಸರು ಪಡೆಯಿತು, 2025ರ ಮೇ 1ರಂದು ವಿಕಾಸ ಗ್ರಾಮೀಣವೂ ಸೇರಿ ರಾಜ್ಯಕ್ಕೆಲ್ಲ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಒಬ್ಬನೇ ರೈತ ಒಂದೇ ಶಾಖೆಯ ಅದೇ ಬಾಗಿಲಲ್ಲಿ ನಾಲ್ಕು ಹೆಸರಿನ ಪುಸ್ತಕ ಹಿಡಿದವನು. ಇದರ ನಡುವೆ ಜನಧನದ ಖಾತೆ ಒಂದು, ಬೆಳೆಸಾಲಕ್ಕೆಂದು ತೆರೆದದ್ದು ಇನ್ನೊಂದು, ಮಗಳ ವಿದ್ಯಾರ್ಥಿವೇತನಕ್ಕೆ ಮತ್ತೊಂದು. ಯಾವ ಖಾತೆಗೆ ಯಾವ ವರ್ಷ ಯಾವ ಕಾಗದಕ್ಕೆ ಸಹಿ ಹಾಕಿದೆವು ಎನ್ನುವುದು ಯಾರ ನೆನಪಿನಲ್ಲೂ ಇಲ್ಲ. ಬ್ಯಾಂಕಿನ ಕಂಪ್ಯೂಟರ್ ಮಾತ್ರ ಮರೆತಿಲ್ಲ.

ಮೇ ತಿಂಗಳ ಒಂದು ಖಾತೆ

ಲೆಕ್ಕ ಕಣ್ಣಿಗೆ ಕಟ್ಟಲಿ ಎಂದು ಒಂದು ಖಾತೆಯನ್ನು ನಾನೇ ಕಟ್ಟಿ ತೋರಿಸುತ್ತೇನೆ. ಅಂಕಿಗಳು ನನ್ನವು, ಅದರಲ್ಲಿ ಬರುವ ತಪ್ಪುಗಳು ಮಾತ್ರ ಊರಲ್ಲಿ ದಿನಾ ಕಾಣುವಂಥವು. ಬಸವಕಲ್ಯಾಣ ತಾಲ್ಲೂಕಿನಲ್ಲಿ ಹೊಲ, ಹುಮನಾಬಾದಿನಲ್ಲಿ ಮಕ್ಕಳ ಶಾಲೆ ಇರುವ ಒಂದು ಮನೆಯ ಉಳಿತಾಯ ಖಾತೆ ಎಂದುಕೊಳ್ಳಿ. ತಿಂಗಳು 2025ರ ಮೇ.

ಮೇ 1ರಂದು ಖಾತೆಯಲ್ಲಿ 18,642 ರೂಪಾಯಿ ಇತ್ತು, ನೋಟ್‌ಬುಕ್ಕಿನಲ್ಲೂ ಅಷ್ಟೇ. ಮನೆಯವರು ತಿಂಗಳಿಡೀ ಬರೆದುಕೊಂಡದ್ದು ಇದು. 5ಕ್ಕೆ ಗಾಡಿಯ ಕಂತು 3,150. 6ಕ್ಕೆ ಅಡತಿಯವರು ತೊಗರಿ ಪಟ್ಟಿಯ ರೊಕ್ಕ 24,500 ಹಾಕಿದರು. 9ಕ್ಕೆ ಎಟಿಎಂನಿಂದ 5,000 ತೆಗೆದದ್ದು. 14ಕ್ಕೆ ಗೊಬ್ಬರದಂಗಡಿಗೆ ಫೋನಿನಿಂದ 6,380. 19ಕ್ಕೆ ಕೈಯಲ್ಲಿದ್ದ 8,000 ಬ್ಯಾಂಕಿಗೆ ಕಟ್ಟಿದ್ದು. 22ಕ್ಕೆ ಶಾಲೆಗೆ 12,000ದ ಚೆಕ್. 27ಕ್ಕೆ ಅಪ್ಪ ಗ್ರಾಹಕ ಸೇವಾ ಕೇಂದ್ರದಲ್ಲಿ ಹೆಬ್ಬೆಟ್ಟಿಟ್ಟು 3,000 ತಂದದ್ದು. ಕೂಡಿಸಿ ಕಳೆದರೆ ನೋಟ್‌ಬುಕ್ಕಿನ ಪ್ರಕಾರ ತಿಂಗಳ ಕೊನೆಗೆ 21,612 ಉಳಿಯಬೇಕು.

ಪಾಸ್‌ಬುಕ್ಕಿನ ಕೊನೆಯ ಸಾಲು ಹೇಳುವುದು 29,989 ರೂಪಾಯಿ 30 ಪೈಸೆ.

ಇಲ್ಲಿಯೇ ಹೆಚ್ಚಿನವರು ಪುಸ್ತಕ ಮುಚ್ಚುತ್ತಾರೆ. ಎಂಟು ಸಾವಿರಕ್ಕೂ ಹೆಚ್ಚು ರೊಕ್ಕ ಜಾಸ್ತಿಯೇ ಇದೆಯಲ್ಲ, ಬ್ಯಾಂಕಿನವರು ನಮ್ಮದು ತಿಂದಿಲ್ಲ ಎಂದು. ಕಡಿಮೆ ಕಂಡರೆ ಗಲಾಟೆ ಮಾಡುತ್ತಾರೆ, ಹೆಚ್ಚು ಕಂಡರೆ ಸುಮ್ಮನಾಗುತ್ತಾರೆ. ನನ್ನ ಅನುಭವದಲ್ಲಿ ಕಡಿಮೆ ಕಂಡ ಖಾತೆಗಿಂತ ಹೆಚ್ಚು ಕಂಡ ಖಾತೆಯನ್ನೇ ಮೊದಲು ಅನುಮಾನದಿಂದ ನೋಡಬೇಕು, ಏಕೆಂದರೆ ಪಾಸಾಗದ ಚೆಕ್ಕಿನ ನೆರಳಿನಲ್ಲಿ ಎಂಥ ತಪ್ಪಾದರೂ ಅಡಗಿ ಕೂರುತ್ತದೆ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ನೋಟ್‌ಬುಕ್ಕಿನ ಒಂದೊಂದು ಸಾಲನ್ನು ಪಾಸ್‌ಬುಕ್ಕಿನಲ್ಲಿ ಹುಡುಕಿ, ಸಿಕ್ಕರೆ ಎರಡೂ ಕಡೆ ಸರಿ ಗುರುತು ಹಾಕಿ. ದಿನಾಂಕ ಒಂದೆರಡು ದಿನ ಹಿಂದೆಮುಂದೆ ಆಗಿರಬಹುದು, ಮೊತ್ತ ಮಾತ್ರ ಪೈಸೆಯವರೆಗೆ ಕೂಡಬೇಕು. ಕೆಲಸ ಮುಗಿದಾಗ ಗುರುತು ಬೀಳದೆ ಉಳಿದ ಸಾಲುಗಳೇ ನಿಮ್ಮ ಆ ತಿಂಗಳ ಕೆಲಸ. ಗುರುತು ಬಿದ್ದವನ್ನು ಮತ್ತೆ ನೋಡಬೇಕಾಗಿಲ್ಲ.

ಮೇಲಿನ ಖಾತೆಯಲ್ಲಿ ನೋಟ್‌ಬುಕ್ಕಿನ ಕಡೆ ಉಳಿಯುವುದು ಒಂದೇ ಸಾಲು, ಶಾಲೆಯ 12,000ದ ಚೆಕ್. ಶಾಲೆಯವರು ಅದನ್ನಿನ್ನೂ ಬ್ಯಾಂಕಿಗೆ ಹಾಕಿಲ್ಲ. ಆ ರೊಕ್ಕ ಖಾತೆಯಲ್ಲಿದ್ದರೂ ನಿಮ್ಮದಲ್ಲ. ಹಾಗಾಗಿ ಪಾಸ್‌ಬುಕ್ಕಿನ 29,989.30ರಲ್ಲಿ 12,000 ಕಳೆಯಿರಿ, 17,989.30 ಉಳಿಯಿತು. ನೋಟ್‌ಬುಕ್ ಹೇಳುವುದು 21,612. ಈಗ ನಿಜವಾದ ವ್ಯತ್ಯಾಸ ಹೊರಬಿತ್ತು. ಎಂಟು ಸಾವಿರ ಹೆಚ್ಚಿಲ್ಲ, 3,622 ರೂಪಾಯಿ 70 ಪೈಸೆ ಕಡಿಮೆ ಇದೆ.

ಪಾಸ್‌ಬುಕ್ಕಿನ ಕಡೆ ಗುರುತು ಬೀಳದೆ ಉಳಿದ ಸಾಲುಗಳು ಏಳು. ಅವುಗಳಲ್ಲಿ ಎರಡು ಒಂದನ್ನೊಂದು ಹೊಡೆದುಹಾಕುತ್ತವೆ. ಗೊಬ್ಬರದಂಗಡಿಯಲ್ಲಿ ಫೋನಿನ ಚಕ್ರ ತಿರುಗುತ್ತಲೇ ನಿಂತಿತು, ಅಂಗಡಿಯವರು ಬಂದಿಲ್ಲ ಎಂದರು, ಇನ್ನೊಮ್ಮೆ ಕಳಿಸಿದಿರಿ. ಪಾಸ್‌ಬುಕ್ಕಿನಲ್ಲಿ 14ರಂದು 6,380 ಎರಡು ಸಲ ಹೋಗಿದೆ, 15ರಂದು ಒಂದು 6,380 ವಾಪಸು ಜಮಾ ಆಗಿದೆ. ಮೂರು ಸಾಲು, ನೋಟ್‌ಬುಕ್ಕಿನಲ್ಲಿ ಒಂದು. ಇಲ್ಲಿ ಒಂದು ಎಚ್ಚರಿಕೆ: ವಾಪಸು ಬಂದದ್ದು ಯಾವ ಪಾವತಿಗೆ ಎಂದು ಅದರ 12 ಅಂಕಿಯ ಉಲ್ಲೇಖ ಸಂಖ್ಯೆ ನೋಡಿ ಖಚಿತ ಮಾಡಿಕೊಳ್ಳಿ. ಅಂಗಡಿಗೆ ಎರಡೂ ಮುಟ್ಟಿದ್ದರೆ ಬ್ಯಾಂಕು ವಾಪಸು ಕೊಡುವುದಿಲ್ಲ, ಅದನ್ನು ಅಂಗಡಿಯವರಿಂದಲೇ ಕೇಳಿ ಪಡೆಯಬೇಕು. ಆ ಸಂಖ್ಯೆ ತೋರಿಸಿದರೆ ಅವರೂ ತಮ್ಮ ಖಾತೆಯಲ್ಲಿ ಹುಡುಕಿ ನೋಡಬಹುದು.

ಉಳಿದದ್ದು ಐದು ಸಾಲು. 17.70, 436, 20, 149 ಮತ್ತು 3,000. ಕೂಡಿಸಿ ನೋಡಿ, ಸರಿಯಾಗಿ 3,622.70. ವ್ಯತ್ಯಾಸ ಪೂರ್ತಿ ಸಿಕ್ಕಿತು. ಒಂದು ರೂಪಾಯಿ ಕೂಡದಿದ್ದರೂ ನಿಲ್ಲಿಸಬೇಡಿ ಎನ್ನುತ್ತೇನೆ, ಚಿಕ್ಕ ವ್ಯತ್ಯಾಸ ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಉಳಿದ ತುಣುಕಾಗಿರಬಹುದು.

ಪೈಸೆ ಹೇಳುವ ಸುಳಿವು

17.70 ಎನ್ನುವ ಅಂಕಿಯನ್ನು ಕಂಡ ಕೂಡಲೇ ಅದು ಬ್ಯಾಂಕಿನದೇ ಶುಲ್ಕ ಎಂದು ಹೇಳಬಹುದು. ಬ್ಯಾಂಕ್ ಶುಲ್ಕಕ್ಕೆ ಶೇ 18ರ ಜಿಎಸ್‌ಟಿ ಸೇರುತ್ತದೆ. ಆದ್ದರಿಂದ ಗುರುತು ಸಿಗದ ಮೊತ್ತವನ್ನು 1.18ರಿಂದ ಭಾಗಿಸಿ. ದುಂಡನೆಯ ಸಂಖ್ಯೆ ಬಂದರೆ ಅದು ಶುಲ್ಕ. 17.70 ಎಂದರೆ 15 ರೂಪಾಯಿ, ಸಾಮಾನ್ಯವಾಗಿ ಮೂರು ತಿಂಗಳ ಎಸ್‌ಎಂಎಸ್ ಶುಲ್ಕ. 236 ಎಂದರೆ 200, ಎಟಿಎಂ ಕಾರ್ಡಿನ ವರ್ಷದ ಶುಲ್ಕ ಇರಬಹುದು. 27.14 ಎಂದರೆ 23. ಉಚಿತ ಮಿತಿ ದಾಟಿದ ಮೇಲೆ ಎಟಿಎಂ ಬಳಕೆಗೆ 2025ರ ಮೇ 1ರಿಂದ ಬ್ಯಾಂಕುಗಳು ಗರಿಷ್ಠ ಹಾಕಬಹುದಾದದ್ದು ಅಷ್ಟು. ನಮ್ಮಂಥ ಊರುಗಳಲ್ಲಿ ತಿಂಗಳಿಗೆ ಸ್ವಂತ ಬ್ಯಾಂಕಿನ ಎಟಿಎಂನಲ್ಲಿ ಐದು, ಬೇರೆ ಬ್ಯಾಂಕಿನದರಲ್ಲಿ ಐದು ವ್ಯವಹಾರ ಉಚಿತ. ಬಾಕಿ ನೋಡಿದ್ದೂ ಒಂದು ವ್ಯವಹಾರವೇ ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಐದು ಸಲ ಎಣಿಸಿ, ಆರನೆಯದಕ್ಕೇ ಹಾಕಿದ್ದಾರೆಯೇ ನೋಡಿ.

295 ಕಂಡರೆ ಅದು 250. ಕಂತು ಕಟ್ಟುವ ದಿನ ಖಾತೆಯಲ್ಲಿ ರೊಕ್ಕ ಸಾಲದೆ ವಾಪಸಾದದ್ದಕ್ಕೆ ಅನೇಕ ಬ್ಯಾಂಕುಗಳು ಹಾಕುವ ದಂಡ ಆಸುಪಾಸು ಇಷ್ಟಿರುತ್ತದೆ. ಸಾಲ ಕೊಟ್ಟವರು ಅದೇ ಕಂತನ್ನು ಒಂದೇ ತಿಂಗಳಲ್ಲಿ ಎರಡು ಮೂರು ಸಲ ಕಳಿಸಿದರೆ ಅಷ್ಟೂ ಸಲ ದಂಡ ಬೀಳುತ್ತದೆ, ಮೂರಕ್ಕೆ 885. ಇದನ್ನು ಪರೀಕ್ಷಿಸುವುದು ಸುಲಭ. ಪಾಸ್‌ಬುಕ್ಕಿನ ಬಲಬದಿಯ ಬಾಕಿ ಕಾಲಂನಲ್ಲಿ ಆ ದಿನ ಎಷ್ಟಿತ್ತು ನೋಡಿ. ಕಂತಿಗೆ ಸಾಕಾಗುವಷ್ಟು ಇದ್ದೂ ವಾಪಸಾಗಿದ್ದರೆ ಕಾರಣ ಬರೆದು ಕೊಡಿ ಎಂದು ಕೇಳಿ.

ಶುಲ್ಕ ಎಂದು ಗುರುತಿಸಿದರೆ ಅದು ಸರಿ ಎಂದೇನೂ ಆಗಲಿಲ್ಲ. ಜನಧನದಂಥ ಮೂಲ ಉಳಿತಾಯ ಖಾತೆಗೆ ಕನಿಷ್ಠ ಬಾಕಿಯ ದಂಡ ಹಾಕುವಂತಿಲ್ಲ. ಬೇರೆ ಉಳಿತಾಯ ಖಾತೆಗೆ ಹಾಕಿದರೂ ಮೊದಲು ತಿಳಿಸಿ, ಸರಿಪಡಿಸಿಕೊಳ್ಳಲು ಕಾಲ ಕೊಡಬೇಕು, ಆ ದಂಡದಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಹೋಗುವಂತಿಲ್ಲ. ಪಾಸ್‌ಬುಕ್ಕಿನಲ್ಲಿ ಬರಿಯ `CHRG` ಎಂದಷ್ಟೇ ಇದ್ದರೆ ಯಾವುದರ ಶುಲ್ಕ ಎಂದು ಕೇಳುವ ಹಕ್ಕು ನಿಮಗಿದೆ. ಅರ್ಥವಾಗದ ಎಂಟ್ರಿ ಹಾಕಬಾರದು, ವಿವರ ಬರೆಯಬೇಕು ಎಂದು ರಿಸರ್ವ್ ಬ್ಯಾಂಕು 2017ರ ಜೂನ್‌ನಲ್ಲೇ ಹೇಳಿದೆ.

436 ಮತ್ತು 20ರಲ್ಲಿ ಪೈಸೆ ಇಲ್ಲ, 1.18ಕ್ಕೂ ಬಗ್ಗುವುದಿಲ್ಲ. ಮೇ ತಿಂಗಳ ಕೊನೆಯ ವಾರದಲ್ಲಿ ಈ ಎರಡು ಅಂಕಿ ಜಿಲ್ಲೆಯ ಅರ್ಧ ಪಾಸ್‌ಬುಕ್ಕುಗಳಲ್ಲಿ ಕಾಣುತ್ತವೆ ಎಂದರೆ ಉತ್ಪ್ರೇಕ್ಷೆ ಇರಲಾರದು. 436 ಜೀವನ ಜ್ಯೋತಿ ವಿಮೆ, 20 ಸುರಕ್ಷಾ ವಿಮೆ. ಜೂನ್ 1ರಿಂದ ಮರುವರ್ಷದ ಮೇ 31ರವರೆಗಿನ ಕಂತು. ಒಮ್ಮೆ ಸಹಿ ಹಾಕಿದರೆ ಪ್ರತಿ ವರ್ಷ ತಾನಾಗಿ ಹೋಗುತ್ತದೆ. ತಪ್ಪಿಲ್ಲ, ನೋಟ್‌ಬುಕ್ಕಿಗೆ ಏರಿಸಿ ಗುರುತು ಹಾಕಿ.

ಆದರೆ ಪೆನ್ಸಿಲ್ ಕೆಳಗಿಡುವ ಮೊದಲು ಮನೆಯಲ್ಲಿರುವ ಇನ್ನೊಂದು ಪಾಸ್‌ಬುಕ್ಕನ್ನು ತೆಗೆಯಿರಿ. ಜೋಡಿ ಕಡಿತ ಯಾವಾಗಲೂ ಒಂದೇ ಪುಟದಲ್ಲಿ ಇರುವುದಿಲ್ಲ. ಎಂಟು ಹತ್ತು ವರ್ಷದ ಹಿಂದೆ ಹೈದರಾಬಾದ್ ಬ್ಯಾಂಕಿನ ಖಾತೆಯಲ್ಲಿ ಒಂದು ಫಾರಂ, ಶಿಬಿರ ನಡೆದಾಗ ಗ್ರಾಮೀಣ ಬ್ಯಾಂಕಿನಲ್ಲಿ ಒಂದು ಫಾರಂ. ಒಬ್ಬನೇ ಮನುಷ್ಯನಿಗೆ ಎರಡೂ ಕಡೆಯಿಂದ 436 ಹೋಗುತ್ತಲೇ ಇರುತ್ತದೆ. ಯೋಜನೆಯ ನಿಯಮದಂತೆ ಒಬ್ಬ ಒಂದೇ ಖಾತೆಯಿಂದ ಸೇರಬೇಕು. ಎರಡು ಕಡೆ ಕಟ್ಟಿದ್ದರೂ ಸಿಗುವುದು ಒಂದೇ 2 ಲಕ್ಷ, ಎರಡನೆಯ ಕಂತು ಮುಟ್ಟುಗೋಲಾಗಬಹುದು. ಕಳೆದ ವರ್ಷಗಳದ್ದನ್ನು ವಾಪಸು ಪಡೆಯುವುದು ಕಷ್ಟವೆಂದೇ ಹೇಳಬೇಕು. ಮುಂದಿನದನ್ನು ತಡೆಯಬಹುದು. ಯಾವ ಖಾತೆ ಬಿಡುತ್ತೀರೋ ಆ ಶಾಖೆಗೆ ಮೇ ತಿಂಗಳ ಮೊದಲೇ ‘ಈ ವಿಮೆಯ ತಾನಾಗಿ ಕಡಿತ ನಿಲ್ಲಿಸಿ’ ಎಂದು ಒಂದು ಅರ್ಜಿ ಕೊಡಿ. ಸಹಿಯನ್ನೇ ಹಾಕಿಲ್ಲ ಎನ್ನುವವರು ಒಪ್ಪಿಗೆ ಪತ್ರದ ಪ್ರತಿ ತೋರಿಸಿ ಎಂದು ಕೇಳಬಹುದು.

149ಕ್ಕೆ ಬಂದರೆ, ಪಾಸ್‌ಬುಕ್ಕಿನಲ್ಲಿ ಅದು ಯುಪಿಐ ಎಂದೇ ಇರುತ್ತದೆ, ಆದ್ದರಿಂದ ಎಲ್ಲೋ ಚಹಾ ಅಂಗಡಿಯದು ಎಂದು ಬಿಟ್ಟುಬಿಡುತ್ತೇವೆ. ಹಿಂದಿನ ತಿಂಗಳ ಅದೇ ತಾರೀಕಿನ ಆಸುಪಾಸು ನೋಡಿ. ಅಲ್ಲೂ 149 ಇದ್ದರೆ ಅದು ಆಟೋಪೇ. ಮನೆಯ ಹುಡುಗ ಸಿನಿಮಾ ನೋಡಲು ಒಂದು ರೂಪಾಯಿಗೆ ತೆರೆದದ್ದು, ಆಮೇಲೆ ತಿಂಗಳು ತಿಂಗಳೂ ಹೋಗುತ್ತಿದೆ. ಫೋನಿನ ಪಾವತಿ ಆ್ಯಪ್‌ನಲ್ಲಿ `AutoPay` ಅಥವಾ `Mandates` ಎಂಬ ಕಡೆ ಹೋದರೆ ಅಂಥವೆಲ್ಲ ಸಾಲಾಗಿ ಕಾಣುತ್ತವೆ, ಅಲ್ಲೇ ರದ್ದು ಮಾಡಬಹುದು. ಸಿನಿಮಾ ಆ್ಯಪ್ ಫೋನಿನಿಂದ ಅಳಿಸಿದರೆ ಕಡಿತ ನಿಲ್ಲುವುದಿಲ್ಲ. ಸಾಲದ ಕಂತಿನ ಹಾಗೆ `ACH D` ಎಂದು ಬರುವ ಕಡಿತಗಳನ್ನು ಶಾಖೆಯಲ್ಲಿ ಅರ್ಜಿ ಕೊಟ್ಟು ನಿಲ್ಲಿಸಬೇಕು. ಅರ್ಜಿ ಕೊಟ್ಟು ರದ್ದಾದ ಮೇಲೂ ಕಡಿತವಾದರೆ ಅದರ ಹೊಣೆ ನಿಮ್ಮ ಬ್ಯಾಂಕಿನದೇ. ಸಾಲವೇ ಬಾಕಿ ಇದ್ದಾಗ ಕಡಿತ ನಿಲ್ಲಿಸಿದರೆ ಸಾಲ ಹೋಗುವುದಿಲ್ಲ, ದಂಡ ಬೇರೆ ಬೆಳೆಯುತ್ತದೆ. ಅದು ಬೇರೆ ಮಾತು.

ಹೆಬ್ಬೆಟ್ಟು ಎರಡು ಸಲ

ಕೊನೆಗೆ 3,000. ನಮ್ಮ ಹಳ್ಳಿಗಳಲ್ಲಿ ಜೋಡಿ ಕಡಿತ ಹೆಚ್ಚು ಆಗುವುದು ಇಲ್ಲಿ ಎಂದು ನನ್ನ ಲೆಕ್ಕ. ದೃಶ್ಯ ನಿಮಗೆ ಗೊತ್ತಿರುವುದೇ. ಹೊಲದ ಕೆಲಸದಿಂದ ಸವೆದ ಬೆರಳು, ಚಿಕ್ಕ ಕೆಂಪು ಬೆಳಕಿನ ಯಂತ್ರ. ‘ಹೆಬ್ಬೆಟ್ಟು ಬರ್ಲಿಲ್ರಿ ಕಾಕಾ, ಒರೆಸಿ ಇನ್ನೊಂದ್ಸಲ ಇಡ್ರಿ.’ ಕಾಕಾ ಧೋತರದ ಚುಂಗಿಗೆ ಬೆರಳು ಒರೆಸಿ ಮತ್ತೆ ಇಡುತ್ತಾರೆ. ರೊಕ್ಕ ಎಣಿಸಿ ಕೊಡುತ್ತಾರೆ, ಒಂದೇ ಸಲ. ಖಾತೆಯಲ್ಲಿ ಕಡಿತ ಎರಡು ಸಲ.

ಇದು ಎರಡು ರೀತಿ ಆಗಬಹುದು, ಎರಡಕ್ಕೂ ದಾರಿ ಬೇರೆ. ಒಂದು, ಮೊದಲ ಸಲ ಬೆರಳು ಬ್ಯಾಂಕಿನವರೆಗೆ ಮುಟ್ಟಿತು, ಕಡಿತವೂ ಆಯಿತು, ಆದರೆ ನೆಟ್‌ವರ್ಕ್ ಕೈಕೊಟ್ಟು ಆಯಿತು ಎನ್ನುವ ಉತ್ತರ ಯಂತ್ರಕ್ಕೆ ವಾಪಸು ಬರಲಿಲ್ಲ. ಕೇಂದ್ರದವರಿಗೂ ಗೊತ್ತಿಲ್ಲ, ಅವರ ಖಾತೆಗೂ ಆ ರೊಕ್ಕ ಸೇರಿಲ್ಲ. ಇದು ಯಂತ್ರದ ತಪ್ಪು, ವಾಪಸು ಬರುತ್ತದೆ. ಇಂಥದ್ದನ್ನು ವ್ಯವಹಾರವಾದ ದಿನದಿಂದ ಐದು ದಿನದೊಳಗೆ ಸರಿಪಡಿಸಬೇಕು, ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಸುತ್ತೋಲೆ ಹೇಳುತ್ತದೆ. ಗ್ರಾಹಕ ಕೇಳದೆಯೂ ಕೊಡಬೇಕಾದ ರೊಕ್ಕ ಅದು. ಎಟಿಎಂ ಯಂತ್ರ ರೊಕ್ಕ ಕೊಡದೆ ಕಡಿತ ಮಾಡಿದರೂ ಇದೇ ಐದು ದಿನ. ಯುಪಿಐನಲ್ಲಿ ಅಂಗಡಿಗೆ ಕಳಿಸಿದ್ದಕ್ಕೂ ಐದೇ, ಇನ್ನೊಬ್ಬರ ಖಾತೆಗೆ ಕಳಿಸಿ ಮುಟ್ಟದಿದ್ದರೆ ಮರುದಿನವೇ. ಇವು ರಜೆ ಬಿಟ್ಟು ಎಣಿಸುವ ದಿನಗಳಲ್ಲ, ಕ್ಯಾಲೆಂಡರಿನ ದಿನಗಳು.

ಎರಡನೆಯ ರೀತಿ ಕಹಿ. ಎರಡು ಸಲವೂ ವ್ಯವಹಾರ ಪೂರ್ತಿಯಾಗಿದೆ, ಎರಡೂ ಸಲ ರೊಕ್ಕ ಕೇಂದ್ರದವರ ಖಾತೆಗೆ ಹೋಗಿದೆ, ಕೈಗೆ ಕೊಟ್ಟದ್ದು ಒಂದೇ. ಬ್ಯಾಂಕಿನ ದಾಖಲೆಯಲ್ಲಿ ಎರಡೂ ಸಾಚಾ. ಇದು ತಾನಾಗಿ ವಾಪಸು ಬರುವುದಿಲ್ಲ. ಯಾವುದು ಎಂದು ತಿಳಿಯುವುದು ಹೇಗೆ? ಪಾಸ್‌ಬುಕ್ಕಿನಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಶಾಖೆಯಲ್ಲಿ ಎರಡು ಕಡಿತಗಳ ಉಲ್ಲೇಖ ಸಂಖ್ಯೆ ಮತ್ತು ಸಮಯ ಕೇಳಿ, ಕೇಂದ್ರದ ಖಾತೆಗೆ ಎರಡೂ ಜಮಾ ಆಗಿವೆಯೇ ಎಂದು ವಿಚಾರಿಸಲು ಲಿಖಿತವಾಗಿ ಕೇಳಿ. ಇಂಥ ಹೊತ್ತಿನಲ್ಲಿ ಕೈಹಿಡಿಯುವುದು ಆ ಚಿಕ್ಕ ರಸೀದಿ. ಬೆರಳು ಬರಲಿಲ್ಲ ಎಂದಾಗಲೂ ಆಗಲಿಲ್ಲ ಎನ್ನುವ ರಸೀದಿ ಕೇಳಿ ತರಬೇಕು. ಮುದುಕರಿಗೆ ಇಷ್ಟು ಕಲಿಸಿದರೂ ಸಾಕು. ನಮ್ಮಲ್ಲಿ ಕೇಂದ್ರ ನಡೆಸುವ ಹುಡುಗ ಹೆಚ್ಚಾಗಿ ಊರವನೇ, ಬೀಗರ ಪೈಕಿಯೂ ಇರಬಹುದು. ಕೇಳಲು ಸಂಕೋಚ. ರಸೀದಿ ಕೇಳುವುದು ಅನುಮಾನ ಪಟ್ಟ ಹಾಗಲ್ಲ ಎಂದು ನಾನು ಹೇಳುತ್ತಲೇ ಇರುತ್ತೇನೆ, ಅವರು ನಗುತ್ತಲೇ ಇರುತ್ತಾರೆ.

ಅರ್ಜಿ ಯಾವಾಗಲೂ ನಿಮ್ಮ ಖಾತೆ ಇರುವ ಶಾಖೆಗೆ, ಕೇಂದ್ರಕ್ಕಲ್ಲ. ಉದ್ದ ಬೇಡ. ಇಷ್ಟು ಸಾಕು: ‘ಮೇ 27ರಂದು ನನ್ನ ಖಾತೆಯಿಂದ ಆಧಾರ್ ಮೂಲಕ 3,000 ರೂಪಾಯಿ ಎರಡು ಸಲ ಕಡಿತವಾಗಿದೆ. ನನಗೆ ಒಂದೇ ಸಲ ಹಣ ಸಿಕ್ಕಿದೆ. ಎರಡೂ ಕಡಿತಗಳ ಉಲ್ಲೇಖ ಸಂಖ್ಯೆ ಇಂತಿಂಥವು. ಹಣ ಸಿಗದ ಕಡಿತವನ್ನು ವಾಪಸು ಜಮಾ ಮಾಡಿ, ತಡವಾದ ದಿನಗಳ ಪರಿಹಾರವನ್ನೂ ಸೇರಿಸಿ.’ ಎರಡು ಪ್ರತಿ ಬರೆದು, ಒಂದರ ಮೇಲೆ ಶಾಖೆಯ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿ ಬಂದದ್ದು ದೂರಲ್ಲ. 30 ದಿನ ಕಳೆದರೂ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ `cms.rbi.org.in` ತಾಣದಲ್ಲಿ ದೂರು ಕೊಡಬಹುದು, ಶುಲ್ಕವಿಲ್ಲ. ಅಲ್ಲಿ ಮೊದಲು ಕೇಳುವುದೇ ಆ ಮುದ್ರೆ ಬಿದ್ದ ಪ್ರತಿ.

ತಿಂಗಳ ತಾಳೆಗೆ ಸಿಗದ ಕಳ್ಳ

ಇಲ್ಲಿಯವರೆಗೆ ಹೇಳಿದ್ದೆಲ್ಲ ತಪ್ಪಿನ ಮಾತು. ಕಳ್ಳತನದ ಮಾತು ಬೇರೆ, ಅದಕ್ಕೆ ತಿಂಗಳ ತಾಳೆ ತಡವಾಗುತ್ತದೆ. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಲೆಕ್ಕ ನೋಡಿ. ತಪ್ಪು ನಿಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ, ಹೊರಗಿನವನ ಕೈವಾಡ ಎಂದಿಟ್ಟುಕೊಳ್ಳಿ. ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಿಮಗೆ ನಷ್ಟವೇ ಇಲ್ಲ. ನಾಲ್ಕರಿಂದ ಏಳು ದಿನದೊಳಗಾದರೆ ಮೂಲ ಉಳಿತಾಯ ಖಾತೆಯವರು ಹೆಚ್ಚೆಂದರೆ 5,000, ಸಾಮಾನ್ಯ ಉಳಿತಾಯ ಖಾತೆಯವರು ಹೆಚ್ಚೆಂದರೆ 10,000 ಹೊರಬೇಕು. ಏಳು ದಾಟಿದರೆ ಬ್ಯಾಂಕಿನ ಸ್ವಂತ ನೀತಿ ಏನು ಹೇಳುತ್ತದೋ ಅದು.

ದಿನ ಎಣಿಸುವುದು ಹೀಗೆ. ಅದೇ ಮೇ ತಿಂಗಳ 22, ಗುರುವಾರ ಸಂದೇಶ ಬಂತು. ಆ ದಿನ ಲೆಕ್ಕಕ್ಕಿಲ್ಲ. ಶುಕ್ರವಾರ ಒಂದು. 24 ನಾಲ್ಕನೇ ಶನಿವಾರ, ಬ್ಯಾಂಕಿಗೆ ರಜೆ. ಭಾನುವಾರವೂ ರಜೆ. ಸೋಮವಾರ ಎರಡು, ಮಂಗಳವಾರ 27 ಮೂರು. ಅಷ್ಟರೊಳಗೆ ತಿಳಿಸಿರಬೇಕು. 31 ಐದನೇ ಶನಿವಾರ, ಬ್ಯಾಂಕು ತೆರೆದಿರುತ್ತದೆ, ಅದು ಏಳನೆಯ ದಿನ. ಜೂನ್ ಮೊದಲ ವಾರ ಪಾಸ್‌ಬುಕ್ ಎಂಟ್ರಿ ಮಾಡಿಸಿ ಕಣ್ಣರಳಿಸುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಹಾಗಾಗಿ ಕಳ್ಳನಿಗೆ ಎಸ್‌ಎಂಎಸ್, ತಪ್ಪಿಗೆ ತಿಂಗಳ ತಾಳೆ. ಖಾತೆಗೆ ಕೊಟ್ಟ ಮೊಬೈಲ್ ಸಂಖ್ಯೆ ಈಗಲೂ ನಿಮ್ಮ ಕೈಯಲ್ಲೇ ಇದೆಯೇ ಎನ್ನುವುದನ್ನು ತಾಳೆ ನೋಡುವ ದಿನ ಪರೀಕ್ಷಿಸಿ: ತಿಂಗಳ ಕಡಿತಗಳಲ್ಲಿ ಒಂದನ್ನು ಆರಿಸಿ, ಅದರ ಸಂದೇಶ ಫೋನಿನಲ್ಲಿದೆಯೇ ಹುಡುಕಿ. ಇಲ್ಲದಿದ್ದರೆ ಮರುದಿನವೇ ಶಾಖೆಗೆ ಹೋಗಿ. ಆ 15 ರೂಪಾಯಿ ಶುಲ್ಕ ಉಳಿಸಲು ಸಂದೇಶ ನಿಲ್ಲಿಸಿದವರನ್ನು ನಾನು ಕಂಡಿದ್ದೇನೆ, ಅದು ಲಾಭದ ಲೆಕ್ಕವಲ್ಲ.

ಒಟಿಪಿ, ಪಿನ್ ನೀವೇ ಹೇಳಿಕೊಟ್ಟಿದ್ದರೆ ತಿಳಿಸುವವರೆಗಿನ ನಷ್ಟ ನಿಮ್ಮದೇ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಆದ್ದರಿಂದ ನಾಚಿಕೆಯಿಂದ ಒಂದು ರಾತ್ರಿ ಸುಮ್ಮನಿದ್ದರೂ ಅದರ ಬೆಲೆ ತೆರಬೇಕಾಗುತ್ತದೆ. ಬ್ಯಾಂಕಿನ ಸಹಾಯವಾಣಿಗೂ 1930ಕ್ಕೂ ಕೂಡಲೇ ಕರೆ ಮಾಡಿ, ದೂರಿನ ಸಂಖ್ಯೆ ಬರೆದುಕೊಳ್ಳಿ. ನೀವು ಹೇಳಿಕೊಟ್ಟಿರಿ ಎಂದು ಸಾಬೀತು ಮಾಡುವ ಹೊಣೆ ಬ್ಯಾಂಕಿನದು, ಹೇಳಿಕೊಟ್ಟಿಲ್ಲ ಎಂದು ಸಾಬೀತು ಮಾಡುವ ಕೆಲಸ ನಿಮ್ಮದಲ್ಲ. ದೂರು ಮುಟ್ಟಿದ ಹತ್ತು ಕೆಲಸದ ದಿನಗಳಲ್ಲಿ ಆ ಮೊತ್ತವನ್ನು ಖಾತೆಗೆ ತೋರಿಸಬೇಕು, 90 ದಿನದೊಳಗೆ ತೀರ್ಮಾನ ಆಗಬೇಕು ಎಂದೂ ಆ ಸುತ್ತೋಲೆಯಲ್ಲಿದೆ.

ನೀವು ಎಲ್ಲೂ ಬೆರಳಿಡದೆಯೇ `AEPS` ಎಂದು ಕಡಿತ ಬಂದಿದ್ದರೆ ಅದು ಕದ್ದ ಬೆರಳಚ್ಚಿನ ಕೆಲಸ ಇರಬಹುದು. ಆಧಾರ್‌ನ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಬೀಗ ಹಾಕಬಹುದು. ಆದರೆ ಬೀಗ ಬಿದ್ದರೆ ರೇಷನ್ ಅಂಗಡಿಯಲ್ಲೂ ಬೆರಳು ನಡೆಯುವುದಿಲ್ಲ, ಪ್ರತಿ ಸಲ ತೆಗೆದು ಹಾಕಬೇಕು. ಮನೆಯಲ್ಲಿ ಫೋನ್ ಬಲ್ಲ ಹುಡುಗರು ಇಲ್ಲದ ಮುದುಕರಿಗೆ ಇದನ್ನು ಹೇಳುವಾಗ ನಾನು ಎರಡು ಸಲ ಯೋಚಿಸುತ್ತೇನೆ.

ಇನ್ನು ನಮ್ಮ ಖಾತೆಗೆ ಮರಳೋಣ. ತಾಳೆ ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಜೂನ್ ತಿಂಗಳ ಪುಟ ತೆರೆದು ಮೇಲ್ಗಡೆ ಎರಡು ಸಾಲು ಬರೆಯಬೇಕು. ಪಾಸಾಗಬೇಕಾದ ಶಾಲೆಯ ಚೆಕ್ 12,000. ಬರಬೇಕಾದದ್ದು 3,000. ಇವೆರಡೂ ಮುಂದಿನ ತಿಂಗಳ ಪಾಸ್‌ಬುಕ್ಕಿನಲ್ಲಿ ಕಂಡಾಗ ಗುರುತು ಬೀಳುತ್ತದೆ, ಕಾಣದಿದ್ದರೆ ಇನ್ನೊಂದು ತಿಂಗಳಿಗೆ ಏರುತ್ತವೆ. ಚೆಕ್ ಬರೆದ ದಿನಾಂಕದಿಂದ ಮೂರು ತಿಂಗಳು ದಾಟಿದರೆ ಅದು ಸತ್ತ ಚೆಕ್, ಶಾಲೆಗೆ ಕೇಳಿ ಬೇರೆ ಕೊಡಬೇಕು.

ಜೂನ್ 3ಕ್ಕೆ ಚೆಕ್ ಪಾಸಾಯಿತು ಎನ್ನೋಣ. 5ಕ್ಕೆ 3,000 ಜಮಾ ಆಯಿತು. ಮೇ 27ರಿಂದ ಐದು ದಿನ ಎಂದರೆ ಜೂನ್ 1. ಅಲ್ಲಿಂದ ನಾಲ್ಕು ದಿನ ತಡ. ದಿನಕ್ಕೆ ನೂರರಂತೆ 400 ಜೊತೆಗೆ ಬರಬೇಕಿತ್ತು, ಬಂದಿಲ್ಲ. ಎರಡು ಸಾಲಿಗೂ ಗುರುತು ಹಾಕಿ, ಕೆಳಗೆ ಹೊಸದಾಗಿ ಒಂದು ಸಾಲು: ಬರಬೇಕಾದದ್ದು, ಬ್ಯಾಂಕಿನಿಂದ, 400.